ಎಂಟು ತಾಸು ಮಲಗಿಯೂ ಬಾರದ ನಿದ್ದೆ

ಗೃಹಿಣಿ ಸುಸ್ತು ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಕಾರಣಗಳು ಮೊದಲೇ ಸಿದ್ಧವಾಗಿರುತ್ತವೆ: ಕೆಲಸ ಹೆಚ್ಚು, ರಕ್ತ ಕಡಿಮೆ, ಮುಟ್ಟು ನಿಲ್ಲುವ ವಯಸ್ಸು, ಇಲ್ಲವೇ ಮನಸ್ಸಿಗೆ ಏನೋ ಬೇಸರ. ನನಗೂ ಇವೆಲ್ಲವನ್ನೂ ಒಂದೊಂದಾಗಿ ಹೇಳಿದರು. ಕಬ್ಬಿಣಾಂಶದ ಮಾತ್ರೆ ನುಂಗಿದೆ, ಹಿಮೋಗ್ಲೋಬಿನ್ ಏರಿತು, ಸುಸ್ತು ಇಳಿಯಲಿಲ್ಲ. ಥೈರಾಯ್ಡ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ರಾತ್ರಿ ಪದೇ ಪದೇ ಎಚ್ಚರವಾಗುತ್ತದೆ ಎಂದಾಗ ವೈದ್ಯರೊಬ್ಬರು ನಿದ್ದೆ ಮಾತ್ರೆ ಬರೆದುಕೊಟ್ಟರು. ಅದನ್ನು ತೆಗೆದುಕೊಂಡ ದಿನ ಬೆಳಿಗ್ಗೆ ತಲೆ ಇನ್ನಷ್ಟು ಭಾರವಾಗಿರುತ್ತಿತ್ತು. ಕೆಲವು ನಿದ್ದೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನೂ ಸಡಿಲಗೊಳಿಸುತ್ತವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಮಲಗಿ ಆರಕ್ಕೆ ಏಳುತ್ತಿದ್ದೆ. ಲೆಕ್ಕಕ್ಕೆ ಎಂಟು ತಾಸು. ಎದ್ದ ಕೂಡಲೇ ಹಣೆಯ ಎರಡೂ ಬದಿಗೆ ಒತ್ತುವಂಥ ನೋವು, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು ವಯಸ್ಸಿನದ್ದೆಂದು ಸುಮ್ಮನಿದ್ದೆ. ಒಲೆ ಹಚ್ಚಿ, ಇಟ್ಟದ್ದೇನೆಂದು ಮರೆತು ನಿಂತುಬಿಡುತ್ತಿದ್ದೆ. ಮಧ್ಯಾಹ್ನ ಬಟ್ಟೆ ಮಡಿಸುತ್ತಾ ಕುಳಿತರೆ, ಅರ್ಧ ಮಡಿಸಿದ ಅಂಗಿ ತೊಡೆಯ ಮೇಲಿರುವಾಗಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ವಿಷಯ ಹೊರಬಂದದ್ದು ತಂಗಿಯಿಂದ. ಕೆಲವು ದಿನ ಇರಲು ಬಂದವಳು ನನ್ನ ಕೋಣೆಯಲ್ಲೇ ಮಲಗಿದ್ದಳು. ಬೆಳಗಿನ ಜಾವ ಅವಳಿಗೆ ಎಚ್ಚರವಾದದ್ದು ನನ್ನ ಗೊರಕೆಯಿಂದಲ್ಲ, ಗೊರಕೆ ನಿಂತದ್ದರಿಂದ. ಎದೆ ಏರಿಳಿಯುತ್ತಿದೆ, ಹೊಟ್ಟೆ ಜಗ್ಗುತ್ತಿದೆ, ಆದರೆ ಮೂಗಿನ ಬಳಿ ಬೆರಳಿಟ್ಟರೆ ಗಾಳಿಯೇ ಇಲ್ಲ. ಗಾಬರಿಯಿಂದ ಮೊಬೈಲ್ ಗಡಿಯಾರ ನೋಡುತ್ತಾ ಕುಳಿತಳಂತೆ. ಸುಮಾರು ಇಪ್ಪತ್ತು ಸೆಕೆಂಡಿನ ನಂತರ ನಾನು ನೀರಿನಿಂದ ಮೇಲೆದ್ದವಳ ಹಾಗೆ ಜೋರಾಗಿ ಉಸಿರೆಳೆದು, ಮಗ್ಗುಲು ಬದಲಿಸಿ ಮತ್ತೆ ಗೊರಕೆ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. "ಅಕ್ಕಾ, ನೀನು ನಿದ್ದೆಯಲ್ಲಿ ಉಸಿರು ತೆಗೆದುಕೊಳ್ಳುತ್ತಿಲ್ಲ" ಎಂದು ಬೆಳಿಗ್ಗೆ ಅವಳು ಹೇಳಿದಾಗ ನನಗೆ ನಗು ಬಂತು. ನನಗೆ ಯಾವುದೂ ನೆನಪಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಮಲಗುವ ನನ್ನ ಯಜಮಾನರಿಗೂ ಗೊತ್ತಿರಲಿಲ್ಲ.

ನಿದ್ದೆಯ ತೊಂದರೆಗಳನ್ನು ನೋಡುವ ಶ್ವಾಸಕೋಶ ತಜ್ಞೆಯ ಬಳಿಗೆ ತಂಗಿಯೇ ಕರೆದುಕೊಂಡು ಹೋದಳು. ಅವರು ಕುತ್ತಿಗೆಯ ಸುತ್ತಳತೆಯನ್ನು ಟೇಪಿನಿಂದ ಅಳೆದರು, ಬಾಯಿ ತೆರೆಸಿ ನಾಲಿಗೆಯ ಹಿಂದೆ ಎಷ್ಟು ಜಾಗವಿದೆ ಎಂದು ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಎಪ್‌ವರ್ತ್ ಎಂಬ ಪ್ರಶ್ನಾವಳಿ ಕೊಟ್ಟರು. ಕುಳಿತು ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕುಳಿತಾಗ, ಒಂದು ತಾಸು ವಾಹನದಲ್ಲಿ ಪ್ರಯಾಣಿಸುವಾಗ ತೂಕಡಿಕೆ ಬರುವ ಸಾಧ್ಯತೆ ಎಷ್ಟು ಎಂದು ಎಂಟು ಸಂದರ್ಭಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಒಟ್ಟು 24ರಲ್ಲಿ ಹತ್ತು ದಾಟಿದರೆ ಹಗಲುನಿದ್ದೆ ಹೆಚ್ಚಿದೆ ಎಂದರ್ಥ. ನನಗೆ ಬಂದದ್ದು ಒಂಬತ್ತು. ಬರುವುದೆಲ್ಲಿಂದ? ಸಭೆಗೆ ಹೋಗುವವಳಲ್ಲ, ಹಗಲಲ್ಲಿ ಕುಳಿತು ಓದುವ ಭಾಗ್ಯವೂ ಇಲ್ಲ. ಅಂಕ ಕಡಿಮೆ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಹೇಳಲಾಗದು ಎಂದ ವೈದ್ಯೆ, ಬಹಳ ಹೆಂಗಸರು ನಿದ್ದೆ ಬರುತ್ತದೆ ಎನ್ನುವುದಿಲ್ಲ, ಸುಸ್ತು, ತಲೆನೋವು, ಬೇಸರ ಎನ್ನುತ್ತಾರೆ, ಹಾಗಾಗಿ ಬೇರೆ ಚಿಕಿತ್ಸೆಯ ದಾರಿ ಹಿಡಿಯುತ್ತಾರೆ ಎಂದರು. ಮುಟ್ಟು ನಿಂತ ಮೇಲೆ ಈ ತೊಂದರೆ ಹೆಂಗಸರಲ್ಲಿ ಹೆಚ್ಚುತ್ತದೆಯಂತೆ.

ಒಂದು ರಾತ್ರಿ ಅಲ್ಲೇ ಮಲಗಿ ಪರೀಕ್ಷೆ. ನೆತ್ತಿಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ಅಂಟು ಹಚ್ಚಿ ತಂತಿಗಳು. ಎದೆಗೊಂದು ಹೊಟ್ಟೆಗೊಂದು ಪಟ್ಟಿ. ಮೂಗಿನಲ್ಲಿ ಸಣ್ಣ ಕೊಳವೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಇಷ್ಟನ್ನೂ ಕಟ್ಟಿಕೊಂಡು ನಿದ್ದೆ ಬರುವುದುಂಟೇ ಎಂದುಕೊಂಡರೆ, ಬಂದೇಬಿಟ್ಟಿತು.

ವರದಿಯನ್ನು ವೈದ್ಯೆ ಸಾವಕಾಶವಾಗಿ ಓದಿ ಹೇಳಿದರು. ನನ್ನದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ, ಇಲ್ಲವೇ ಕಿರಿದಾಗುತ್ತದೆ. ಕನಿಷ್ಠ ಹತ್ತು ಸೆಕೆಂಡು ಹಾಗಿದ್ದರೆ ಒಂದು ಘಟನೆ ಎಂದು ಎಣಿಸುತ್ತಾರೆ. ತಾಸಿಗೆ ಐದಕ್ಕಿಂತ ಕಡಿಮೆ ಇದ್ದರೆ ಸರಿ, ಹದಿನೈದರಿಂದ ಮೂವತ್ತು ಮಧ್ಯಮ, ಅದಕ್ಕೂ ಹೆಚ್ಚಾದರೆ ತೀವ್ರ. ನನ್ನ ಸರಾಸರಿ 21. ಅವರು ಪೆನ್ನಿನಿಂದ ಗೆರೆ ಎಳೆದದ್ದು ಅದರ ಕೆಳಗಿನ ಸಾಲಿಗೆ: ಕನಸು ಕಾಣುವ ಹಂತದ ನಿದ್ದೆಯಲ್ಲಿ ತಾಸಿಗೆ 46, ರಕ್ತದ ಆಮ್ಲಜನಕ ಶೇಕಡಾ 79ಕ್ಕೆ ಇಳಿದಿತ್ತು.

ಆ ಹಂತದಲ್ಲಿ ಮೈಯ ಸ್ನಾಯುಗಳು ಅತ್ಯಂತ ಸಡಿಲವಾಗಿರುತ್ತವೆ. ಅದು ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಮಲಗಿದ ಹೊಸತರಲ್ಲಿ ನನ್ನದು ಸಾಧಾರಣ ಗೊರಕೆ. ನಿಜವಾದ ಉಸಿರುಗಟ್ಟುವಿಕೆ ಮನೆಯವರೆಲ್ಲ ಗಾಢನಿದ್ದೆಯಲ್ಲಿರುವ ಮೂರು ನಾಲ್ಕು ಗಂಟೆಯ ಹೊತ್ತಿಗೆ. ಯಜಮಾನರ ಮೇಲಿನ ಮುನಿಸು ಅಲ್ಲಿಗೆ ಇಳಿಯಿತು.

"ಇಷ್ಟು ಸಲ ಉಸಿರು ಕಟ್ಟಿದರೂ ನನಗೇಕೆ ಗೊತ್ತಾಗಲಿಲ್ಲ?" ಎಂದು ಕೇಳಿದೆ. ಉಸಿರು ನಿಂತಾಗ ಮೆದುಳು ಕೆಲವೇ ಸೆಕೆಂಡು ಎಚ್ಚರಗೊಂಡು ಗಂಟಲನ್ನು ಬಿಗಿಮಾಡಿ ದಾರಿ ತೆರೆಯುತ್ತದೆ, ಅಷ್ಟು ಚಿಕ್ಕ ಎಚ್ಚರ ನೆನಪಿನಲ್ಲಿ ಉಳಿಯುವುದಿಲ್ಲ, ಆದರೆ ನಿದ್ದೆ ಚೂರುಚೂರಾಗುತ್ತದೆ ಎಂದರು. ಮೂತ್ರದ ಒಗಟೂ ಬಿಡಿಸಿಕೊಂಡಿತು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ತಪ್ಪು ತಿಳಿದ ಹೃದಯ, ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ.

ಚಿಕಿತ್ಸೆ ಎಂದರೆ ಸಿಪ್ಯಾಪ್ ಯಂತ್ರ. ಮೂಗಿನ ಮೇಲೆ ಮಾಸ್ಕ್ ಕಟ್ಟಿಕೊಂಡರೆ ಅದು ಹದವಾದ ಒತ್ತಡದಲ್ಲಿ ಗಾಳಿ ಊದುತ್ತಾ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಆಮ್ಲಜನಕ ಕೊಡುವುದಿಲ್ಲ, ಬರೀ ಕೋಣೆಯ ಗಾಳಿ. ಮೊದಮೊದಲು ಅದು ಹಿಂಸೆಯೇ. ಗಾಳಿ ಮಾಸ್ಕಿನ ಅಂಚಿನಿಂದ ಕಣ್ಣಿಗೆ ಹೊಡೆಯುತ್ತಿತ್ತು. ಬಿಗಿಯಾಗಿ ಕಟ್ಟಿದರೆ ನಿಲ್ಲುತ್ತದೆಂದು ಪಟ್ಟಿ ಎಳೆದೆ. ಮೂಗಿನ ಮೇಲೆ ಕೆಂಪು ಗುರುತು ಬಿತ್ತೇ ಹೊರತು ಸೋರಿಕೆ ನಿಲ್ಲಲಿಲ್ಲ. ತಂತ್ರಜ್ಞ ಒಂದು ಅಳತೆ ಚಿಕ್ಕ ಮಾಸ್ಕ್ ಕೊಟ್ಟು, ಮಲಗಿದ ಮೇಲೆಯೇ ಪಟ್ಟಿ ಸರಿಮಾಡಿಕೊಳ್ಳಬೇಕು, ಕುಳಿತಾಗ ಅಲ್ಲ ಎಂದು ತೋರಿಸಿಕೊಟ್ಟ. ಮಲಗಿದಾಗ ಮುಖದ ಆಕಾರವೇ ಸ್ವಲ್ಪ ಬದಲಾಗುತ್ತದೆ. ಬಾಯಿ ಒಣಗುವುದಕ್ಕೆ ಗಾಳಿಯನ್ನು ತೇವಗೊಳಿಸುವ ನೀರಿನ ತೊಟ್ಟಿ ಜೋಡಿಸಿದರು. ರಾತ್ರಿ ಎಚ್ಚರವಾದಾಗ ತೆಗೆದು ಬಿಸಾಡಬೇಡಿ, ನಿಮಗೆ ಅದು ಬೇಕಿರುವುದೇ ಬೆಳಗಿನ ಜಾವ ಎಂದು ವೈದ್ಯೆ ಒತ್ತಿ ಹೇಳಿದ್ದರು.

ಮೊದಲು ನಿಂತದ್ದು ರಾತ್ರಿ ಏಳುವುದು, ಆಮೇಲೆ ತಲೆನೋವು. ಸುಸ್ತು ಮಾತ್ರ ವಾರಗಟ್ಟಲೆ ಸತಾಯಿಸಿ ಮೆಲ್ಲಗೆ ಇಳಿಯಿತು. ಈಗ ಬೆಳಿಗ್ಗೆ ಯಂತ್ರದ ಪರದೆಯಲ್ಲಿ ತಾಸಿಗೆ ಎರಡು ಮೂರು ಎಂದು ಬರುತ್ತದೆ. ಕಾಯಿಲೆ ಹೋಗಿಲ್ಲ, ನೆಗಡಿಯಾಗಿ ಮಾಸ್ಕ್ ಬಿಟ್ಟ ರಾತ್ರಿಯ ಮರುದಿನ ಅದೇ ಹಳೆಯ ತಲೆಭಾರ. ನಿದ್ದೆ ಮಾತ್ರೆಯನ್ನು ವೈದ್ಯೆಯೇ ಹಂತಹಂತವಾಗಿ ನಿಲ್ಲಿಸಿದರು.

ಸಂಜೆಗೆ ಈಗಲೂ ದಣಿಯುತ್ತೇನೆ, ಆದರೆ ಈ ದಣಿವು ಒಂದು ರಾತ್ರಿ ಮಲಗಿದರೆ ಹೋಗುತ್ತದೆ. ಇದು ನಿಜಕ್ಕೂ ಕೆಲಸದ್ದೇ. "ಯಂತ್ರ ಬಂತಲ್ಲ, ಇನ್ನೂ ಸುಸ್ತೇ?" ಎಂದು ಯಜಮಾನರು ಕೇಳಿದಾಗ, ಅದು ಗಾಳಿ ಊದುತ್ತದೆ, ಪಾತ್ರೆ ತೊಳೆಯುವುದಿಲ್ಲ ಎಂದೆ. ರಾತ್ರಿಯ ಪಾತ್ರೆಗಳು ಈಗ ಅವರ ಪಾಲಿಗೆ ಹೋಗಿವೆ. ಉಳಿದ ಕೆಲಸಗಳ ಬಗ್ಗೆ ಮಾತುಕತೆ ನಡೆಯುತ್ತಿದೆ.