ಸರಾಸರಿ ಚೆನ್ನಾಗಿದ್ದರೂ ಜನ ಕಾಯುವುದೇಕೆ?

“ನಮ್ಮ ತಂತ್ರಾಂಶದ ವೇಗದ ಪರೀಕ್ಷೆಯ ವರದಿಯಲ್ಲಿ ಸರಾಸರಿ 0.2 ಸೆಕೆಂಡ್ ಅಂತ ಇದೆ. ಆದರೂ ನಿಧಾನ ಅಂತ ದೂರು ಬರ್ತಾನೇ ಇದೆಯಲ್ಲ, ತೊಂದರೆ ಎಲ್ಲಿದೆ ಅಂತ ಹುಡುಕೋದು ಹೇಗೆ ಸರ್?”

ಶಿವಮೊಗ್ಗದ ಅಡಿಕೆ ಮಂಡಿಯ ವಹಿವಾಟಿಗೆಂದು ಬರೆದ ತಂತ್ರಾಂಶವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಪರೀಕ್ಷೆಯಲ್ಲಿ ಕಳುಹಿಸಿದ 1000 ಕೋರಿಕೆಗಳಲ್ಲಿ 940 ಕೋರಿಕೆಗಳು ರಾಶಿ, ಬೆಟ್ಟೆ ಮುಂತಾದ ಅಡಿಕೆ ಬಗೆಗಳ ಆ ದಿನದ ಧಾರಣೆ ಕೇಳುವಂಥವು. ಇವಕ್ಕೆ ಉತ್ತರ ಮೊದಲೇ ತೆಗೆದಿಟ್ಟ ಉತ್ತರಗಳ ಸಂಗ್ರಹವಾದ ಕ್ಯಾಶ್‌ನಿಂದಲೇ ಸಿಗುವುದರಿಂದ ಪ್ರತಿಯೊಂದೂ 0.1 ಸೆಕೆಂಡಿನಲ್ಲಿ ಮುಗಿಯಿತು. ಉಳಿದ 60 ಕೋರಿಕೆಗಳು ಮಾರಾಟವಾದ ಮಾಲಿಗೆ ಬಿಲ್ ಸಿದ್ಧಪಡಿಸುವಂಥವು. ಒಟ್ಟಿಗೇ ಬಂದ ಇವು 0.5ರಿಂದ 3 ಸೆಕೆಂಡಿನವರೆಗೆ ತೆಗೆದುಕೊಂಡವು.

ಎಲ್ಲವನ್ನೂ ಕೂಡಿ ಭಾಗಿಸಿದರೆ ಸರಾಸರಿ ಸುಮಾರು 0.2 ಸೆಕೆಂಡು ಬರುತ್ತದೆ. ಆದರೆ ಅಷ್ಟು ಸಮಯ ತೆಗೆದುಕೊಂಡ ಕೋರಿಕೆ ಒಂದೂ ಇಲ್ಲ! ಸಮಯಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ 500ನೆಯದು, ಅಂದರೆ p50, 0.1 ಸೆಕೆಂಡು, 950ನೆಯದು, ಅಂದರೆ p95, 0.5 ಸೆಕೆಂಡು, 990ನೆಯದಾದ p99 ಮಾತ್ರ 2.5 ಸೆಕೆಂಡು. ತೀರ್ಥಹಳ್ಳಿಯಿಂದ ಮಾಲು ತಂದು ಬಿಲ್ಲಿಗಾಗಿ ನಿಂತಿರುವ ಬೆಳೆಗಾರನ ಅನುಭವ ಈ ಕೊನೆಯ ಅಂಕಿಯಲ್ಲಿದೆ. ಧಾರಣೆ ನೋಡುವವರ ಸಂಖ್ಯೆ ಹೆಚ್ಚಿದಷ್ಟೂ ಸರಾಸರಿ ಇನ್ನೂ ಇಳಿಯುತ್ತದೆಯೇ ಹೊರತು ಅವನ ಕಾಯುವಿಕೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದ್ದರಿಂದ ನಾನು ಮೊದಲು ಕೋರಿಕೆಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ, ಪ್ರತಿ ಬಗೆಯ p50, p95, p99ರಂಥ ಪರ್ಸೆಂಟೈಲ್‌ಗಳನ್ನು ಪ್ರತ್ಯೇಕವಾಗಿ ನೋಡುತ್ತೇನೆ.

ಬಿಲ್ಲಿನ ಸಮಯಗಳನ್ನಷ್ಟೇ ತೆಗೆದು ನೋಡಿದಾಗ ಅವು 0.5, 1, 1.5 ಹೀಗೆ ಮೆಟ್ಟಿಲಿನಂತೆ ಏರಿದ್ದವು, ಒಂದೊಂದು ಮೆಟ್ಟಿಲಿನಲ್ಲೂ ಹತ್ತು ಕೋರಿಕೆಗಳಿದ್ದವು. ಏಕಕಾಲಕ್ಕೆ ಹತ್ತಕ್ಕೆ ಮಾತ್ರ ಎಡೆ ಸಿಗುತ್ತಿದೆ, ಉಳಿದವು ಸರತಿಯಲ್ಲಿವೆ ಎಂಬುದಕ್ಕೆ ಇದು ಸ್ಪಷ್ಟವಾದ ಗುರುತು. ಮತ್ತೆ ಮತ್ತೆ ಬಳಸಲೆಂದು ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪಾದ ಪೂಲ್‌ನ ಮಿತಿಯೂ ಹತ್ತೇ ಆಗಿತ್ತು.

ಇಲ್ಲಿ ಅನೇಕರು ತಕ್ಷಣ ಪೂಲ್ ಹಿಗ್ಗಿಸುತ್ತಾರೆ, ಇಲ್ಲವೇ ದೊಡ್ಡ ಸರ್ವರ್ ಕೊಳ್ಳುತ್ತಾರೆ. ಅದಕ್ಕೂ ಮುನ್ನ ಸಂಪರ್ಕವೊಂದು ಅರ್ಧ ಸೆಕೆಂಡು ಏನು ಮಾಡುತ್ತಿದೆ ಎಂದು ಕೇಳಬೇಕು. ತಂತ್ರಾಂಶದ ಮತ್ತು ಡೇಟಾಬೇಸ್‌ನ ಎರಡೂ ಸರ್ವರ್‌ಗಳ ಸಿಪಿಯು ಬಹುಪಾಲು ಬಿಡುವಾಗಿಯೇ ಇತ್ತು, ಡೇಟಾಬೇಸ್‌ನ ಲಾಗ್ ಪ್ರಕಾರ ಬಿಲ್ಲಿನ ಕ್ವೆರಿಗಳಿಗೆ ಒಟ್ಟು 0.05 ಸೆಕೆಂಡು ಸಾಕಾಗಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಪರೀಕ್ಷೆ ನಡೆಯುತ್ತಿರುವಾಗಲೇ ಹೀಗೆ ಕೇಳಿದರೆ ಉತ್ತರ ಸಿಗುತ್ತದೆ:

```sql
SELECT state, count(*)
FROM pg_stat_activity
GROUP BY state;
```

ಹತ್ತರಲ್ಲಿ ಒಂಬತ್ತು ಸಂಪರ್ಕಗಳು `idle in transaction` ಸ್ಥಿತಿಯಲ್ಲಿದ್ದವು. ಎಂದರೆ ಡೇಟಾಬೇಸ್‌ನ ಟ್ರಾನ್ಸಾಕ್ಷನ್ ಅನ್ನು ತೆರೆದಿಟ್ಟುಕೊಂಡು ತಂತ್ರಾಂಶ ಬೇರೇನನ್ನೋ ಕಾಯುತ್ತಿತ್ತು. ಕೋಡ್ ನೋಡಿದಾಗ, ಬೆಳೆಗಾರನಿಗೆ ಎಸ್ಸೆಮ್ಮೆಸ್ ಹೋಗಿ ಉತ್ತರ ಬರುವವರೆಗೆ, ಸುಮಾರು 0.45 ಸೆಕೆಂಡು, ಸಂಪರ್ಕವನ್ನು ಬಿಟ್ಟುಕೊಡುತ್ತಲೇ ಇರಲಿಲ್ಲ. ಪೂಲ್ ಹಿಗ್ಗಿಸಿದ್ದರೆ ಸುಮ್ಮನೆ ಕಾಯುವ ಸಂಪರ್ಕಗಳೇ ಹೆಚ್ಚುತ್ತಿದ್ದವು.

ಟ್ರಾನ್ಸಾಕ್ಷನ್ ಮುಗಿದ ಮೇಲೆ ಎಸ್ಸೆಮ್ಮೆಸ್ಸನ್ನು ಪ್ರತ್ಯೇಕ ಸರತಿಯಿಂದ ಕಳುಹಿಸುವಂತೆ ಬದಲಾಯಿಸಿ, ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಕೊನೆಯ ಬಿಲ್ಲೂ 0.3 ಸೆಕೆಂಡಿನಲ್ಲಿ ಬಂತು. ಆದರೆ 1000 ಕೋರಿಕೆಗಳ ಪರೀಕ್ಷೆಯಲ್ಲಿ p99 ನಿಂತಿರುವುದು ಕೊನೆಯ ಹತ್ತು ಕೋರಿಕೆಗಳ ಮೇಲೆ. ಹೀಗಾಗಿ ಪರೀಕ್ಷೆಯನ್ನು ಇನ್ನಷ್ಟು ಹೊತ್ತು ಓಡಿಸಿ, ಆ ಅಂಕಿ ಅಲುಗಾಡುತ್ತಿಲ್ಲ ಎಂದು ಖಚಿತವಾದ ಮೇಲೆಯೇ ನಾನು ಅದನ್ನು ವರದಿಯಲ್ಲಿ ಬರೆಯುತ್ತೇನೆ.