ನೆಲವನ್ನು ಕೇಳಿದಿರಾ?

ಭಾನುವಾರದಿಂದ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ: "ಅಕ್ಕಾ, ಗೋಡೆಗೆ ಬಣ್ಣ ಆರಿಸಿದಿರಿ, ಸರಿ. ನೆಲವನ್ನು ಕೇಳಿದಿರಾ?"

ಹೀಗೆ ಕೇಳಿದವರು ಗುಬ್ಬಿಯಿಂದ ಬರುವ ಪೇಂಟಿಂಗ್ ಮೇಸ್ತ್ರಿ. ಒಂಬತ್ತಕ್ಕೆ ಬರುತ್ತೇನೆಂದರೆ ಹನ್ನೊಂದಕ್ಕೆ ಬರುತ್ತಾರೆ, ಬಂದ ಮೇಲೂ ಅರ್ಧ ಗಂಟೆ ಫೋನಿನಲ್ಲಿರುತ್ತಾರೆ. ಅಂಥವರಿಂದ ಪಾಠ ಹೇಳಿಸಿಕೊಳ್ಳಲು ನನಗೆ ಸುತರಾಂ ಇಷ್ಟವಿರಲಿಲ್ಲ.

ತುಮಕೂರಿನ ಚಿಕ್ಕಪೇಟೆಯಲ್ಲಿ ಹಳೆಯ ಮನೆ ನಮ್ಮದು. ಅತ್ತೆಯವರ ಮಲಗುವ ಕೋಣೆಗೆ ಬಣ್ಣ ಹೊಡೆಸಬೇಕಿತ್ತು. ನೆಮ್ಮದಿಯ ಬಣ್ಣವೆಂದರೆ ನೀಲಿ ಎಂದು ನಾನೇ ತೀರ್ಮಾನಿಸಿದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಶೇಡ್ ಕಾರ್ಡ್ ನೋಡಿ, ಬೂದು ಬೆರೆತ ತಿಳಿನೀಲಿ ಕೊಂಡು ತಂದೆ. ಕಾರ್ಡಿನಲ್ಲಿ ಅದು ಬೆಳಗಿನ ಮಂಜಿನಂತಿತ್ತು. ಒಂದು ಗೋಡೆಗೆ ಎರಡು ಕೋಟ್ ಬಿದ್ದು ಆರಿದಾಗ ಬೂದು ಎಲ್ಲೋ ಮಾಯವಾಗಿ, ಬರೀ ನೀಲಿ ಉಳಿದಿತ್ತು. ಕೆಳಗಿನ ರೆಡ್ ಆಕ್ಸೈಡ್ ನೆಲವಂತೂ ಕುಂಕುಮ ಚೆಲ್ಲಿದಂತೆ ಉರಿಯುತ್ತಿತ್ತು. ಗೋಡೆಗೂ ನೆಲಕ್ಕೂ ಜಗಳ ಹಚ್ಚಿದವಳು ನಾನೇ.

ಇದು ಬಣ್ಣದ ದೋಷವಲ್ಲ, ನೆರೆಹೊರೆಯ ದೋಷ. ಬಣ್ಣಗಳನ್ನು ವೃತ್ತವಾಗಿ ಜೋಡಿಸಿದ ವರ್ಣಚಕ್ರದಲ್ಲಿ ಕೇಸರಿ ಕೆಂಪಿಗೆ ಎದುರಾಗಿ ಕೂತಿರುವುದು ನೀಲಿಯ ಬಳಗ. ಎದುರುಬದುರಿನ ಬಣ್ಣಗಳು ಪಕ್ಕಪಕ್ಕ ಬಂದರೆ ಒಂದು ಇನ್ನೊಂದನ್ನು ಕೆರಳಿಸುತ್ತದೆ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರೋಲ್ ಇದನ್ನು 1839ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ನೂಲಿನ ಬಣ್ಣ ಸರಿಯಿಲ್ಲವೆಂಬ ದೂರಿನ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು ಬಣ್ಣದ ತೊಟ್ಟಿಯ ತಪ್ಪಲ್ಲ, ಪಕ್ಕದ ನೂಲಿನ ಪ್ರಭಾವ. ನಮ್ಮ ಮೇಸ್ತ್ರಿ ಶೆವ್ರೋಲ್ ಹೆಸರನ್ನೇ ಕೇಳಿರಲಾರರು. ಆದರೂ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿ, ನೆಲವನ್ನು ಕೇಳಿದಿರಾ ಎಂದುಬಿಟ್ಟರು.

ನೆಲವನ್ನು ಬದಲಿಸುವಂತಿಲ್ಲ, ತೇಗದ ಬೀರುವನ್ನೂ ಬದಲಿಸುವಂತಿಲ್ಲ. ಹಾಗಾದರೆ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಮೇಸ್ತ್ರಿ ಬಿಳಿ ಎಮಲ್ಷನ್‌ಗೆ ರೆಡ್ ಆಕ್ಸೈಡ್ ಸ್ಟೇನರನ್ನು ಹನಿಹನಿಯಾಗಿ ಬಿಟ್ಟು ಕದಡಿದರು. ನೆಲಕ್ಕೆ ಕೆಂಪು ಕೊಟ್ಟದ್ದೂ ಕಬ್ಬಿಣದ ಆಕ್ಸೈಡೇ. ಮೊದಲು ಮಕ್ಕಳ ಕೋಣೆಯ ಗುಲಾಬಿಯಂತೆ ಕಂಡಿತು. ಸ್ವಲ್ಪ ಹಳದಿ ಆಕ್ಸೈಡ್ ಸೇರಿದಾಗ ಗುಲಾಬಿ ಹೋಗಿ ಹದವಾದ ಮಣ್ಣಿನ ಛಾಯೆ ಬಂತು. ಕೊನೆಗೆ ಒಂದೇ ಹನಿ ಕಪ್ಪು. ಕಿಟಕಿ ಪಶ್ಚಿಮಕ್ಕಿದೆ, ನಾಲ್ಕು ಗಂಟೆಯ ಬಿಸಿಲು ಗೋಡೆಯನ್ನು ಕಿತ್ತಳೆ ಮಾಡುತ್ತದೆ, ಆದ್ದರಿಂದ ಮೊದಲೇ ತುಸು ಮಂಕು ಮಾಡಬೇಕಂತೆ. ಇಡೀ ಕೋಣೆಗೆ ಸಾಲುವಷ್ಟನ್ನು ಒಂದೇ ಬಕೆಟ್‌ನಲ್ಲಿ ಕಲಸಿದರು. ಕೈಯಲ್ಲಿ ಕಲಸಿದ ಛಾಯೆ ಎರಡನೆಯ ಸಲ ಹಾಗೆಯೇ ಬರುವುದಿಲ್ಲ.

ಈ ಸಲ ನಾನೂ ಅವಸರ ಮಾಡಲಿಲ್ಲ. ಎರಡಡಿಯ ಹಾರ್ಡ್‌ಬೋರ್ಡಿಗೆ ಎರಡು ಕೋಟ್ ಹೊಡೆಸಿ, ನೆಲಕ್ಕೆ ತಾಗಿಸಿ ನಿಲ್ಲಿಸಿ, ಬೆಳಗ್ಗೆ, ನಾಲ್ಕಕ್ಕೆ ಮತ್ತು ರಾತ್ರಿ ನೋಡಿದೆ. ರಾತ್ರಿ ಬಿಳಿ ಟ್ಯೂಬ್‌ಲೈಟಿನಲ್ಲಿ ಬಣ್ಣ ಸತ್ತಂತಿತ್ತು. ಬೆಚ್ಚನೆಯ ಹಳದಿ ಬೆಳಕಿನ, 3000 ಕೆಲ್ವಿನ್‌ನ ಎಲ್ಇಡಿ ಬಲ್ಬ್ ಹಾಕಿದ ಮೇಲೆ ಜೀವ ಬಂತು. ಸೀಲಿಂಗಿಗೂ ಅಚ್ಚಬಿಳಿ ಬೇಡವೆಂದರು ಮೇಸ್ತ್ರಿ. ಪಕ್ಕದಲ್ಲಿ ಅಚ್ಚಬಿಳಿ ಇದ್ದರೆ ಗೋಡೆ ಕೊಳೆಯಾದಂತೆ ಕಾಣುತ್ತದೆ. ಗೋಡೆಯ ಬಣ್ಣಕ್ಕೆ ಅಷ್ಟೇ ಬಿಳಿ ಬೆರೆಸಿ ಮೇಲೆ ಹೊಡೆದರು.

ಎಡವಿದ್ದು ಇನ್ನೊಂದು ಕಡೆ. ಒಂದೇ ಬಣ್ಣದ ಕೋಣೆ ಎಂದು ಪರದೆ, ಹಾಸಿಗೆ ಎಲ್ಲವನ್ನೂ ಗೋಡೆಯಷ್ಟೇ ತಿಳಿಯಾಗಿ ತಂದಿದ್ದೆ. ಕೋಣೆ ಉಪ್ಪಿಲ್ಲದ ಗಂಜಿಯಂತಾಯಿತು. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದೆ. ನೆಲ, ಬೀರು ಬಿಟ್ಟು ಉಳಿದದ್ದೆಲ್ಲ ಒಂದೇ ಬೂದು. ಬಣ್ಣ ಒಂದೇ ಆದರೂ ಕಡುತಿಳಿಯ ಮೆಟ್ಟಿಲುಗಳು ಬೇಕು. ಕಡುವಿಗೆ ನೆಲ ಇತ್ತು, ತಿಳಿಗೆ ಗೋಡೆ ಇತ್ತು, ನಡುವಿನಲ್ಲಿ ಬೀರು ಒಂದೇ ಒಂಟಿಯಾಗಿತ್ತು. ಅದಕ್ಕೆ ಜೊತೆಯಾಗಿ ಪಕ್ಕದ ಮನೆಯ ಬಣ್ಣವನ್ನು ಕರೆದೆ: ಜೇನಿನ ಬಣ್ಣದ ಕೈಮಗ್ಗದ ಹೊದಿಕೆ, ಕಾವಿಯ ಪರದೆ. ಕೆಂಪು, ಕಿತ್ತಳೆ, ಹಳದಿ ಚಕ್ರದಲ್ಲಿ ಅಕ್ಕಪಕ್ಕದವು, ಜಗಳವಾಡುವುದಿಲ್ಲ.

ಇದೆಲ್ಲ ಮುಗಿದ ಮೇಲೂ ಆ ಪ್ರಶ್ನೆ ಬಿಡುತ್ತಿಲ್ಲ. ನೆಲವನ್ನಷ್ಟೇ ಅಲ್ಲ, ಆ ನೆಲಕ್ಕೆ ನಲವತ್ತು ವರ್ಷ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದ ಅತ್ತೆಯವರನ್ನೂ ನಾನು ಕೇಳಿರಲಿಲ್ಲ. ನೀಲಿ ಗೋಡೆ ನೋಡಿದಾಗಲೂ ಅವರು ಏನೂ ಅನ್ನಲಿಲ್ಲ. ಮೊನ್ನೆ ಹೊಸ ಗೋಡೆಯನ್ನು ಅಂಗೈಯಿಂದ ಸವರಿ, "ಈಗ ನೆಲ ಸುಮ್ಮನಾಯಿತು" ಎಂದರು.

ಉಳಿದ ನೀಲಿ ಡಬ್ಬವನ್ನು ಮೇಸ್ತ್ರಿ ತಮ್ಮ ಮನೆಗೆ ಕೇಳಿದರು. ನಾನೂ ಬಿಡಲಿಲ್ಲ. "ನಿಮ್ಮ ನೆಲವನ್ನು ಕೇಳಿದಿರಾ?"

"ನಮ್ಮದು ಸಿಮೆಂಟ್ ನೆಲ ಅಕ್ಕಾ, ಬೂದು. ಕೇಳಿಕೊಂಡೇ ಬಂದಿದ್ದೇನೆ."