ಕಂಬಳಿ ಯಾವ ಹೆಗಲ ಮೇಲಿರಬೇಕು

ಬೆಳಗಾವಿಯ ಇಬ್ಬರು ಹುಡುಗರು ತಾವು ಕಟ್ಟುತ್ತಿರುವ ಗೇಮಿನ ಕುರಿಗಾಹಿ ಪಾತ್ರಕ್ಕೆ ಸ್ಪ್ರೈಟ್‌ಗಳನ್ನು, ಅಂದರೆ ಪರದೆಯ ಮೇಲೆ ಒಂದಾದ ಮೇಲೊಂದು ಓಡಿಸುವ ಸಣ್ಣ ಚಿತ್ರಗಳನ್ನು ಬರೆದುಕೊಡಬೇಕೆಂದು ಈ ವಾರ ವಿಜಯಪುರದಲ್ಲಿರುವ ನನಗೆ ಇಮೇಲ್ ಕಳುಹಿಸಿದ್ದರು. "ಒಂದು ಪಾತ್ರ, ಚೆನ್ನಾಗಿರಲಿ, ಬೇಗ ಬೇಕು" ಎಂಬಂಥ ಪತ್ರಗಳನ್ನೇ ಹೆಚ್ಚಾಗಿ ಕಂಡಿದ್ದ ನಾನು ಇದನ್ನು ನಿಧಾನವಾಗಿ ಓದಿದೆ.

ಅಳತೆ 64×64 ಪಿಕ್ಸೆಲ್, ನಿಂತ ಭಂಗಿಗೆ 4 ಫ್ರೇಮ್, ನಡಿಗೆಗೆ 6. ಮುಂದೆ, ಹಿಂದೆ, ಬಲಕ್ಕೆ ಎಂದು ಮೂರು ದಿಕ್ಕುಗಳನ್ನು ಬರೆದರೆ ಸಾಕು, ಎಡಗಡೆಯದನ್ನು ಬಲಗಡೆಯ ಚಿತ್ರ ತಿರುವಿ ಪಡೆಯುತ್ತೇವೆ ಎಂದಿದ್ದರು. ಹೀಗಾಗಿ ಒಟ್ಟು 30 ಫ್ರೇಮ್, ಫ್ರೇಮಿಗೆ 400 ರೂಪಾಯಿಯಂತೆ 12,000. ಆದರೆ ಅವರ ಕುರಿಗಾಹಿಯ ಎಡ ಹೆಗಲ ಮೇಲೆ ಕಂಬಳಿಯಿತ್ತು. ಚಿತ್ರವನ್ನು ತಿರುವಿದರೆ ಅವನು ಎಡಕ್ಕೆ ಹೊರಳಿದಾಗಲೆಲ್ಲ ಕಂಬಳಿ ಬಲ ಹೆಗಲಿಗೆ ಹಾರುತ್ತದೆ. ಇದನ್ನು ತಪ್ಪಿಸಲು ಎಡದಿಕ್ಕಿನ 10 ಫ್ರೇಮ್‌ಗಳನ್ನು ಬೇರೆಯಾಗಿಯೇ ಬರೆಯಬೇಕು, ಇಲ್ಲವೇ ಕಂಬಳಿಯನ್ನು ಎರಡೂ ಹೆಗಲಿಗೆ ಹೊದಿಸಬೇಕು ಎಂದು ಉತ್ತರಿಸಿದೆ. ಸಂಜೆಯೇ ಅವರಲ್ಲೊಬ್ಬನ ಫೋನ್ ಬಂತು.

"ಅಕ್ಕಾರ, ನಮ್ಮಜ್ಜ ಕಂಬಳಿ ಹಂಗ ಹಾಕ್ಕೊತಿದ್ದ. ಅದು ಹಂಗ ಇರಲ್ರಿ. ಹತ್ತು ಫ್ರೇಮಿನ ರೊಕ್ಕ ಸೇರಿಸಿ ಪತ್ರ ತಿದ್ದಿ ಕಳಸ್ತೇನ್ರಿ."

ಆ ಮಾತು ಇನ್ನೂ ಕಿವಿಯಲ್ಲಿದೆ. ಹತ್ತು ಫ್ರೇಮ್ ಹೆಚ್ಚಾದರೆ ಕೂಲಿಯೂ ಹೆಚ್ಚಬೇಕೆಂಬುದನ್ನು ನಾನು ಕೇಳುವ ಮೊದಲೇ ಆ ಹುಡುಗ ಹೇಳಿದ್ದ. ಅವನ ಮೇಲೆ ನನಗೆ ಗೌರವ ಮೂಡಿದ್ದು ಅಲ್ಲಿಯೇ.

ತಿದ್ದಿ ಬಂದ ಪತ್ರದಲ್ಲಿ 40 ಫ್ರೇಮ್‌ಗೆ 16,000 ಎಂದಿತ್ತು: ಆರಂಭಕ್ಕೆ 6,400, ಬಣ್ಣ ತುಂಬಿದ ಮೊದಲ ಭಂಗಿ ಒಪ್ಪಿಗೆಯಾದಾಗ 4,800, ಕಡತಗಳನ್ನು ಒಪ್ಪಿಸಿದಾಗ ಉಳಿದ 4,800. ತಿದ್ದುಪಡಿಯ ಮಾತನ್ನಂತೂ ಅವರು ಬಹಳ ಯೋಚಿಸಿ ಬರೆದಿದ್ದರು. ಸ್ಕೆಚ್ ಹಂತದಲ್ಲಿ ಎರಡು ಸಲ ಬದಲಾವಣೆ ಕೇಳಬಹುದು. ಫ್ರೇಮ್‌ಗಳೆಲ್ಲ ಸಿದ್ಧವಾದ ಮೇಲೆ ನಡಿಗೆಯನ್ನು ಓಡಿಸಿ ನೋಡುವಾಗ ಪಾದ ನೆಲದ ಗೆರೆಯಿಂದ ಜಿಗಿದರೆ ಅಥವಾ ನಡುವೆ ಬಣ್ಣ ಬದಲಾದರೆ ಅದು ನನ್ನ ತಪ್ಪು, ನಾನೇ ಉಚಿತವಾಗಿ ಸರಿಪಡಿಸಬೇಕು. ಆದರೆ ರುಮಾಲು ದೊಡ್ಡದಾಗಲಿ ಎಂದು ಆಗ ಅನ್ನಿಸಿದರೆ ಅದು ಹೊಸ ಕೆಲಸ, ಏಕೆಂದರೆ ನಲವತ್ತೂ ಫ್ರೇಮ್‌ಗಳಲ್ಲಿ ರುಮಾಲನ್ನು ಮತ್ತೆ ಬರೆಯಬೇಕಾಗುತ್ತದೆ. ನನ್ನ ತಪ್ಪು ಯಾವುದು, ಅವರ ಮನಸ್ಸು ಬದಲಾದದ್ದು ಯಾವುದು ಎಂಬುದನ್ನು ಮೊದಲೇ ಬೇರ್ಪಡಿಸದಿದ್ದರೆ ಕೊನೆಗೆ ಕಲಾವಿದರ ದುಡಿಮೆಯೇ ಸೋರಿಹೋಗುತ್ತದೆ. ಇದನ್ನು ಅನುಭವಿ ಕಂಪನಿಗಳೂ ಬರೆಯದೆ ಬಿಡುವುದನ್ನು ನೋಡಿದ್ದೇನೆ.

ಗಡುವು ನಾಲ್ಕು ವಾರ. ಎಣಿಕೆ ಪತ್ರದ ದಿನದಿಂದಲ್ಲ, ಸ್ಕೆಚ್ ಒಪ್ಪಿದ ದಿನದಿಂದ. ಅವರು ಉತ್ತರಿಸಲು ತಡಮಾಡಿದಷ್ಟು ದಿನ ಗಡುವೂ ಮುಂದೆ ಹೋಗುತ್ತದೆ. ನಾನು ಸೇರಿಸಿದ್ದು ಒಂದೇ ಸಾಲು: ಸ್ಕೆಚ್ ಒಪ್ಪಿದ ನಂತರ ಗೇಮ್ ನಿಂತುಹೋದರೆ ಮುಂಗಡವನ್ನು ಮರಳಿಸುವುದಿಲ್ಲ. ಅದಕ್ಕೂ ಅವರು ಒಪ್ಪಿ ಬರೆದರು, ಮರುದಿನವೇ ಮುಂಗಡ ಬಂತು.